ಎಕೋ ಆಗುವ ತನಕ ಮಗು ಮನೆಗೆ ಬೇಡ

ಹೆರಿಗೆ ಮಾಡಿಸುವ ಆಸ್ಪತ್ರೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಅಪರೂಪದ ಯಂತ್ರವೇನಲ್ಲ. ಹುಟ್ಟಿ 24 ಗಂಟೆ ಕಳೆದ ಮೇಲೆ ಮಗುವಿನ ಬಲಗೈಗೊಮ್ಮೆ, ಯಾವುದಾದರೊಂದು ಕಾಲಿಗೊಮ್ಮೆ ಸೆನ್ಸರ್ ಸುತ್ತಿ ಎರಡು ಅಂಕಿ ಬರೆದುಕೊಳ್ಳುವುದು ಕೆಲವೇ ನಿಮಿಷದ ಕೆಲಸ. ಅಂಕಿ ಸರಿಯಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಸರಿಯಿಲ್ಲದಿದ್ದರೆ ಮುಂದಿನ ಕೆಲವು ಗಂಟೆ ಯಾರು ಏನು ಮಾಡಬೇಕು ಎಂಬುದು ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಪ್ರತಿ ಹೆರಿಗೆ ವಾರ್ಡಿನ ಗೋಡೆಯ ಮೇಲೆ ಬರೆದಿರಬೇಕು. ನಮ್ಮ ಕಳವಳ ಆ ಗಂಟೆಗಳದ್ದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಯಲಹಂಕದ ಒಂದು ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ ಮೂರು ಕಿಲೋ ತೂಕದ ಕೂಸು ಎಂದಿಟ್ಟುಕೊಳ್ಳಿ. ಹಾಲು ಕುಡಿಯುತ್ತಿದೆ, ಬಣ್ಣ ಚೆನ್ನಾಗಿದೆ, ನಾಳೆ ಡಿಸ್ಚಾರ್ಜ್. ಬಲಗೈಯಲ್ಲಿ 96, ಕಾಲಿನಲ್ಲಿ 91 ಬರುತ್ತದೆ. ಎರಡೂ ಕಡೆ 95 ಅಥವಾ ಹೆಚ್ಚು ಇರಬೇಕು, ನಡುವಿನ ವ್ಯತ್ಯಾಸ 3 ಮೀರಬಾರದು. ಇಲ್ಲಿ ಕಾಲಿನ ಅಂಕಿ ಕಡಿಮೆ, ವ್ಯತ್ಯಾಸವೂ 5. ಯಾವುದಾದರೂ ಒಂದು ಕಡೆ 90ಕ್ಕಿಂತ ಕೆಳಗಿದ್ದಿದ್ದರೆ ಮರುಪರೀಕ್ಷೆಗೂ ಕಾಯದೆ ಅದನ್ನು ಅಸಹಜ ಎಂದೇ ಎಣಿಸಬೇಕಿತ್ತು. ಈ ಮಗುವಿಗೆ ಒಂದು ಗಂಟೆ ಬಿಟ್ಟು ಮತ್ತೊಮ್ಮೆ ನೋಡಬಹುದು. ಕಾಲು ತಣ್ಣಗಿದ್ದರೆ, ಮಗು ಅಳುತ್ತಿದ್ದರೆ, ದೊಡ್ಡವರ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪನ್ನೇ ಕೂಸಿನ ಪಾದಕ್ಕೆ ಹಾಕಿದ್ದರೆ ಅಂಕಿ ತಪ್ಪುವುದುಂಟು. ಅದಕ್ಕೇ ಕಾಲು ಬೆಚ್ಚಗೆ ಮಾಡಿ, ಹಸುಗೂಸಿನ ಸೆನ್ಸರ್ ಸುತ್ತಿ, ತೆರೆಯ ಮೇಲೆ ನಾಡಿಯ ಅಲೆ ಸ್ಥಿರವಾಗಿ ಓಡುವವರೆಗೆ ಕಾದು ಬರೆದುಕೊಳ್ಳಬೇಕು.

ಎರಡನೆಯ ಸಲವೂ 96 ಮತ್ತು 91 ಬಂತು. ಇನ್ನು ಮಗುವನ್ನು ನೋಡಬೇಕೇ ಹೊರತು ಯಂತ್ರವನ್ನಲ್ಲ. ಮೊದಲು ಎರಡು ಮರುಪರೀಕ್ಷೆಗೆ ಅವಕಾಶವಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈಚೆಗೆ ಅದನ್ನು ಒಂದಕ್ಕೆ ಇಳಿಸಿರುವುದು ಈ ಹೊತ್ತು ವ್ಯರ್ಥವಾಗದಿರಲಿ ಎಂದೇ. 95 ಕಾಣುವವರೆಗೆ ಬೆರಳು ಬದಲಿಸುತ್ತ, ಕಾಲು ಬದಲಿಸುತ್ತ ಹೋದರೆ ಒಮ್ಮೆಯಾದರೂ 95 ಕಂಡೇ ಕಾಣುತ್ತದೆ. ಆ ಒಂದನ್ನೇ ಕೇಸ್ ಶೀಟಿನಲ್ಲಿ ಬರೆಯುವುದು ಮಗುವಿಗೆ ಮಾಡುವ ದ್ರೋಹ.

ಕೈಗೂ ಕಾಲಿಗೂ ಯಾಕೆ ಈ ಅಂತರ? ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶಕ್ಕೆ ಹೋಗುವ ರಕ್ತನಾಳವನ್ನೂ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯನ್ನೂ ಡಕ್ಟಸ್ ಎಂಬ ಕಿರುನಾಳ ಜೋಡಿಸಿರುತ್ತದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅದು ಮುಚ್ಚಿಕೊಳ್ಳುವುದು ಸಹಜ. ಬಲಗೈಗೆ ಹೋಗುವ ರಕ್ತ ಈ ನಾಳ ಸೇರುವ ಜಾಗಕ್ಕಿಂತ ಮೊದಲೇ ಕವಲೊಡೆಯುತ್ತದೆ, ಕಾಲಿಗೆ ಹೋಗುವುದು ಅದನ್ನು ದಾಟಿದ ಮೇಲೆ. ಕಾಲಿನ ಅಂಕಿ ಮಾತ್ರ ತಗ್ಗಿದರೆ ಆಮ್ಲಜನಕ ಕಡಿಮೆಯಿರುವ ರಕ್ತ ಡಕ್ಟಸ್ ಮೂಲಕ ಕೆಳಮೈಗೆ ಹರಿಯುತ್ತಿದೆ ಎಂದರ್ಥ. ಶ್ವಾಸಕೋಶದ ರಕ್ತನಾಳಗಳ ಒತ್ತಡ ಇನ್ನೂ ಇಳಿಯದೆ ಹೀಗಾಗಬಹುದು. ಮಹಾಪಧಮನಿ ಕಿರಿದಾಗಿ ಅಥವಾ ನಡುವೆ ತುಂಡಾಗಿ, ಮಗುವಿನ ಕೆಳಮೈ ಆ ಒಂದು ಕಿರುನಾಳವನ್ನೇ ನಂಬಿಕೊಂಡಿರಲೂಬಹುದು. ಹಾಗಿದ್ದಲ್ಲಿ ನಾಳ ಮುಚ್ಚಿದ ದಿನವೇ ಮಗು ಕುಸಿಯುತ್ತದೆ, ಅಷ್ಟರಲ್ಲಿ ಅದು ಮನೆ ಸೇರಿರುತ್ತದೆ. ಮೈಬಣ್ಣ ನೋಡಿ ಇದನ್ನು ಹೇಳಲಾಗದು. ಆಮ್ಲಜನಕದ ಮಟ್ಟ 80ರ ಆಸುಪಾಸಿಗೆ ಇಳಿಯುವವರೆಗೆ ನೀಲಿ ಛಾಯೆ ಅನುಭವಿಗಳ ಕಣ್ಣಿಗೂ ಸಿಗುವುದು ಕಷ್ಟ.

ಹಾಗಾಗಿ ಮಕ್ಕಳ ವೈದ್ಯರು ಅದೇ ಗಂಟೆಯಲ್ಲಿ ಬಂದು ಉಸಿರಿನ ವೇಗ ಎಣಿಸಬೇಕು, ತೊಡೆಸಂದಿನ ನಾಡಿ ಮುಟ್ಟಿ ನೋಡಬೇಕು, ಕೈಯಲ್ಲೂ ಕಾಲಲ್ಲೂ ರಕ್ತದೊತ್ತಡ ಅಳೆಯಬೇಕು. ಸೋಂಕಿನ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಜೊತೆಜೊತೆಗೇ ಆಗಲಿ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಎಷ್ಟೋ ಮಕ್ಕಳ ಹೃದಯ ಸರಿಯಾಗಿಯೇ ಇರುತ್ತದೆ. ನ್ಯುಮೋನಿಯಾ, ರಕ್ತದ ಸೋಂಕು ಬಯಲಾಗುತ್ತವೆ. ಅಂಥ ಮಗುವೂ ಮನೆಗೆ ಹೋಗುವ ಸ್ಥಿತಿಯಲ್ಲಿರುವುದಿಲ್ಲ. ಬೇರೆ ಕಾರಣ ಸ್ಪಷ್ಟವಾಗಿ ಸಿಕ್ಕಿ, ಅದು ವಾಸಿಯಾಗಿ, ಅಂಕಿ ಸರಿಹೋದರೆ ಸರಿ. ಇಲ್ಲವಾದರೆ ಎಕೋ ಆಗಲೇಬೇಕು, ಅದೂ ಹಸುಗೂಸುಗಳ ಹೃದಯ ನೋಡಿ ಪಳಗಿದವರಿಂದ. ದೊಡ್ಡವರ ಹೃದಯವನ್ನಷ್ಟೇ ನೋಡಿ ರೂಢಿಯಾದ ಕಣ್ಣಿಗೆ ಕಿರಿದಾದ ಮಹಾಪಧಮನಿ ತಪ್ಪಿಹೋಗಬಹುದು. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ ‘ವಾರ ಬಿಟ್ಟು ಎಕೋ ಮಾಡಿಸಿ’ ಎಂದು ಬರೆದುಕೊಡುವುದು ವೈದ್ಯಕೀಯ ಸಲಹೆಯಲ್ಲ, ಕೈತೊಳೆದುಕೊಳ್ಳುವುದು.

ಮಗುವನ್ನು ಸಾಗಿಸುವ ಹೊತ್ತಿಗೆ ಇನ್ನೊಂದು ತೊಡಕು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಎಂದರೆ ಊರು ನೆನೆಯುವ ಜಯದೇವ ಸಂಸ್ಥೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಎರಡೂ ಯಲಹಂಕಕ್ಕೆ ಊರಿನ ಇನ್ನೊಂದು ಮಗ್ಗುಲು. ಹೆಬ್ಬಾಳ ಮೇಲ್ಸೇತುವೆ ದಾಟುವುದಕ್ಕೇ ಸಂಜೆಯಲ್ಲಿ ಎಷ್ಟು ಹೊತ್ತು ಬೇಕೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ದಾರಿಯಲ್ಲಿ ಡಕ್ಟಸ್ ಮುಚ್ಚದಂತೆ ಹಿಡಿದಿಡುವ ಔಷಧಿ ಪ್ರೊಸ್ಟಗ್ಲಾಂಡಿನ್ ಇ1. ಮೂರು ಕಿಲೋ ಮಗುವಿಗೆ ನಿಮಿಷಕ್ಕೆ 0.15 ಮೈಕ್ರೋಗ್ರಾಂ ಎಂಬ ಪ್ರಮಾಣದಲ್ಲಿ ಕೊಟ್ಟರೆ ಗಂಟೆಗೆ 9 ಮೈಕ್ರೋಗ್ರಾಂ ಆಯಿತು. ಫ್ರಿಜ್‌ನಲ್ಲಿಟ್ಟ 500 ಮೈಕ್ರೋಗ್ರಾಂನ ಒಂದೇ ಆಂಪೂಲ್ ಊರು ದಾಟಿಸಲು ಧಾರಾಳ ಸಾಕು. ಮಗು ಕುಸಿಯುತ್ತಿದ್ದು ಹೃದಯದೋಷದ ಶಂಕೆ ಬಲವಾಗಿದ್ದರೆ ಎಕೋಗೂ ಕಾಯದೆ ಶುರುಮಾಡಬೇಕಾದ ಔಷಧಿ ಇದು. ಆದರೆ ಇದರಿಂದ ಕೆಲವು ಮಕ್ಕಳ ಉಸಿರು ನಿಂತುಬಿಡುವುದುಂಟು. ಆದ್ದರಿಂದ ಉಸಿರಿನ ನಳಿಕೆ ಹಾಕಬಲ್ಲವರು ಆಂಬುಲೆನ್ಸಿನಲ್ಲಿ ಇರಲೇಬೇಕು. ಅಂಕಿ ಏರಿಸುವ ಆತುರದಲ್ಲಿ ಮನಸ್ಸಿಗೆ ಬಂದಷ್ಟು ಆಮ್ಲಜನಕ ಬಿಡುವುದೂ ಸಲ್ಲ. ಆಮ್ಲಜನಕವೇ ಡಕ್ಟಸ್ ಮುಚ್ಚಲು ಪ್ರೇರಣೆ.

ಪಕ್ಕದ ಕೇರಳ 2017ರಲ್ಲಿ ‘ಹೃದ್ಯಂ’ ಆರಂಭಿಸಿ ಇದಕ್ಕೊಂದು ದಾರಿ ಮಾಡಿಕೊಂಡಿದೆ. ಹೃದಯದೋಷದ ಮಗುವಿನ ವಿವರ ಆನ್‌ಲೈನ್‌ನಲ್ಲಿ ದಾಖಲಾಗುತ್ತದೆ, ತಜ್ಞರು ಎಷ್ಟು ತುರ್ತೆಂದು ನಿರ್ಧರಿಸುತ್ತಾರೆ, ಹಾಸಿಗೆ ಇರುವ ಆಸ್ಪತ್ರೆಯನ್ನು ವ್ಯವಸ್ಥೆಯೇ ಹುಡುಕಿಕೊಡುತ್ತದೆ. ಕಾಸರಗೋಡಿನ ಕನ್ನಡ ಮನೆಯ ಕೂಸಿಗೂ ಆ ದಾರಿ ಇದೆ. ನಮ್ಮಲ್ಲೂ ಸಾಧನಗಳಿವೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ಸಾಗಣೆ ಎರಡೂ ಉಚಿತ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಹೃದಯದೋಷವೂ ಇದೆ. ಯಲಹಂಕದ ನರ್ಸಿಂಗ್ ಹೋಮಿನ ಡ್ಯೂಟಿ ಡಾಕ್ಟರ್ ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದರೆ ಎತ್ತಿಕೊಂಡು, ‘ಇಂಥ ಕಡೆ ಎಕೋ, ಇಂಥ ಕಡೆ ಹಾಸಿಗೆ, ಆಂಬುಲೆನ್ಸ್ ಹೊರಟಿದೆ’ ಎನ್ನುವ ಒಂದೇ ನಂಬರನ್ನು ಆರೋಗ್ಯ ಇಲಾಖೆ ಖಾಸಗಿ, ಸರ್ಕಾರಿ ಎಂಬ ಭೇದವಿಲ್ಲದೆ ಕೊಡಬೇಕು.

ಈ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. ಗಂಭೀರ ಹೃದಯದೋಷವಿರುವ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಇದರಲ್ಲಿ ಪಾಸಾಗಿಬಿಡುತ್ತದೆ, ಕಿರಿದಾದ ಮಹಾಪಧಮನಿಯಂತೂ ಹೆಚ್ಚು ತಪ್ಪಿಸಿಕೊಳ್ಳುತ್ತದೆ. ಪಾಸಾದ ಮಗುವೂ ಹಾಲು ಕುಡಿಯುತ್ತ ಬೆವರಿದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ಕಾಲು ತಣ್ಣಗಾಗಿ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಡಿಸ್ಚಾರ್ಜಿಗೆ ಮುನ್ನ ತಂದೆತಾಯಿ ಕೇಳಬೇಕಾದ್ದು ಇಷ್ಟೇ: ಬಲಗೈಯಲ್ಲಿ ಎಷ್ಟು, ಕಾಲಿನಲ್ಲಿ ಎಷ್ಟು, ಹುಟ್ಟಿ ಎಷ್ಟು ಗಂಟೆಗೆ ನೋಡಿದಿರಿ? ಮೂರನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.