ಬಾಯಿಮಾತಿನ ಹಣವನ್ನು ಜಮೆಗೆ ಬರೆಯುವುದು ಬೇಡ

ನಮ್ಮ ಬಡಾವಣೆಯ ಎಲ್ಲ ನಿವಾಸಿಗಳಲ್ಲಿ ಒಂದು ಮನವಿ.

ಈ ಸಲ ನಮ್ಮ ರಾಜ್ಯೋತ್ಸವ ನವೆಂಬರ್ ಎರಡನೆಯ ವಾರದ ಶನಿವಾರ ಮತ್ತು ಭಾನುವಾರ. ಒಂದನೇ ತಾರೀಖಿನಂದು ಶಾಮಿಯಾನ, ಮೈಕ್ ಸೆಟ್, ಡೊಳ್ಳಿನ ತಂಡ ಎಲ್ಲಕ್ಕೂ ಬೆಂಗಳೂರಿನ ಬೀದಿಬೀದಿಯೂ ಮುಗಿಬೀಳುತ್ತದೆ. ಆದ್ದರಿಂದ ಒಂದು ವಾರ ತಡೆದು ಮಾಡುವ ತೀರ್ಮಾನ ಸರಿಯಾಗಿಯೇ ಇದೆ. ಆದರೆ ಸಮಿತಿ ಮನೆಮನೆಗೆ ಹಂಚಿರುವ ಕರಡು ಬಜೆಟ್ಟನ್ನು ಮುಂದಿನ ಭಾನುವಾರದ ಸಭೆಯಲ್ಲಿ ಹಾಗೆಯೇ ಕೈಯೆತ್ತಿ ಒಪ್ಪಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕಾರಣವನ್ನು ಲೆಕ್ಕದ ಸಮೇತ ಹೇಳುತ್ತೇನೆ.

ಖರ್ಚಿನ ಪುಟದ ಬಗ್ಗೆ ನನ್ನ ತಕರಾರಿಲ್ಲ. ಶಾಮಿಯಾನ, ವೇದಿಕೆ, ಕುರ್ಚಿಗಳಿಗೆ 85,000, ಧ್ವನಿ ಮತ್ತು ಬೆಳಕಿಗೆ 60,000, ಜನರೇಟರಿಗೆ 20,000, ಕಲಾವಿದರ ಸಂಭಾವನೆ 1,10,000, ಭಾನುವಾರದ ಊಟಕ್ಕೆ ತಲೆಗೆ 160ರಂತೆ 500 ಮಂದಿಗೆ 80,000, ಬಹುಮಾನ, ಮುದ್ರಣ, ಪರವಾನಗಿ, ಸ್ವಚ್ಛತೆ ಎಲ್ಲ ಸೇರಿ 45,000. ಒಟ್ಟು ನಾಲ್ಕು ಲಕ್ಷ. ಶಾಮಿಯಾನದವರು ಕೊಟ್ಟ ದರಪಟ್ಟಿಯಲ್ಲಿ 72,000 ಎಂದಷ್ಟೇ ಇತ್ತು, ಕೆಳಗೆ ಸಣ್ಣಕ್ಷರದಲ್ಲಿ ಜಿಎಸ್‌ಟಿ ಪ್ರತ್ಯೇಕ ಎಂದಿತ್ತು. ಶೇ. 18 ಸೇರಿಸಿದರೆ ಅದು ಹೆಚ್ಚುಕಡಿಮೆ 85,000 ಆಗುತ್ತದೆ. ಸಮಿತಿ ಅದನ್ನು ಗಮನಿಸಿ ಸೇರಿಸಿಯೇ ಬರೆದಿದೆ.

ತೊಂದರೆಯಿರುವುದು ಆದಾಯದ ಪುಟದಲ್ಲಿ. 240 ಮನೆಗಳಿಂದ ತಲಾ ಸಾವಿರದಂತೆ 2,40,000, ಹತ್ತು ಮಳಿಗೆಗಳಿಂದ 30,000, ಪ್ರಾಯೋಜಕರಿಂದ 2,80,000, ಒಟ್ಟು ಐದೂವರೆ ಲಕ್ಷ ಎಂದು ಬರೆಯಲಾಗಿದೆ. ಒಂದೂವರೆ ಲಕ್ಷ ಉಳಿಯುವಾಗ ಆಕಸ್ಮಿಕ ವೆಚ್ಚಕ್ಕೆಂದು ಬೇರೆ ಹಣ ಯಾಕೆ ತೆಗೆದಿಡಬೇಕು ಎಂಬ ಮಾತೂ ಕೇಳಿಬರುತ್ತಿದೆ. ಆ ಒಂದೂವರೆ ಲಕ್ಷ ಇನ್ನೂ ಯಾರ ಕೈಗೂ ಬಂದಿಲ್ಲ.

ಮೊದಲು ಮನೆಗಳ ವಂತಿಗೆ ನೋಡೋಣ. ನಮ್ಮದೇ ಹಳೆಯ ರಸೀದಿ ಪುಸ್ತಕಗಳನ್ನು ತಿರುವಿದರೆ ಐದರಲ್ಲಿ ಒಂದು ಮನೆಯ ಹಣ ಹಬ್ಬದೊಳಗೆ ಬಂದಿರುವುದಿಲ್ಲ. ಮನೆ ಖಾಲಿಯಿರುತ್ತದೆ, ಬಾಡಿಗೆದಾರರು ಮಾಲೀಕರನ್ನು ಕೇಳಿ ಎನ್ನುತ್ತಾರೆ, ಮಾಲೀಕರು ಫೋನ್ ಎತ್ತುವುದಿಲ್ಲ. ಹಾಗಾಗಿ ಇಲ್ಲಿ ಬರೆಯಬೇಕಾದದ್ದು 1,92,000.

ಇನ್ನು ಪ್ರಾಯೋಜಕರು. 2,80,000 ಎಂಬ ಒಂದೇ ಸಾಲಿನೊಳಗೆ ಮೂರು ಬಗೆಯ ಹಣವಿದೆ. ಒಂದು ಕಂಪನಿ ಒಂದು ಲಕ್ಷಕ್ಕೆ ಪತ್ರ ಕೊಟ್ಟಿದೆ, ಅದು ಗಟ್ಟಿ. ಆದರೆ ಕಂಪನಿಗಳು ಇಂಥ ಪಾವತಿಯಲ್ಲಿ ಸಾಮಾನ್ಯವಾಗಿ ಶೇ. 2ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತವೆ. ಬ್ಯಾಂಕಿಗೆ ಬರುವುದು 98,000. ಸಂಘದ ಪ್ಯಾನ್ ಸಂಖ್ಯೆ ಕೊಡದಿದ್ದರೆ ಮುರಿಯುವ ದರ ಶೇ. 20ಕ್ಕೆ ಏರುತ್ತದೆ. ಎರಡನೆಯದು, ಮುಖ್ಯರಸ್ತೆಯ ನಾಲ್ಕು ಅಂಗಡಿಗಳವರು ತಲಾ 25,000 ಕೊಡುತ್ತೇವೆಂದು ಬಾಯಿಮಾತಿನಲ್ಲಿ ಹೇಳಿದ್ದು. ನಾಲ್ವರಲ್ಲಿ ಇಬ್ಬರು ಕೊಟ್ಟಾರು ಎಂದು ಅರ್ಧ, ಅಂದರೆ 50,000 ಹಿಡಿಯಬಹುದು. ಮೂರನೆಯದು, ಒಂದು ಖಾಸಗಿ ಆಸ್ಪತ್ರೆಯಿಂದ ಬರಬಹುದಾದ 80,000. ಅಲ್ಲಿಗೆ ಮನವಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಇದಕ್ಕೆ ಅರ್ಧದ ಲೆಕ್ಕ ಹೊಂದುವುದಿಲ್ಲ. ಹಲವು ಸಣ್ಣ ಮೊತ್ತಗಳಿದ್ದಾಗ ಒಂದು ಹೋದರೂ ಇನ್ನೊಂದು ಬರುತ್ತದೆ. ಒಬ್ಬನೇ ದೊಡ್ಡ ಪ್ರಾಯೋಜಕ ಕೊಟ್ಟರೆ 80,000 ಕೊಡುತ್ತಾನೆ, ಇಲ್ಲವೆಂದರೆ ಏನೂ ಇಲ್ಲ. 40,000 ಎಂದೂ ಬರುವುದಿಲ್ಲ. ಪತ್ರ ಕೈಗೆ ಬರುವತನಕ ಅದನ್ನು ಸೊನ್ನೆ ಎಂದೇ ಬರೆಯಬೇಕು.

ಮಳಿಗೆಗಳ 30,000 ಮುಂಗಡವಾಗಿ ಬಂದಿರುವುದರಿಂದ ಅದನ್ನು ಪೂರ್ತಿ ಹಿಡಿಯೋಣ. ಈಗ ಕೂಡಿದರೆ ಆದಾಯ 3,70,000. ಖರ್ಚು ನಾಲ್ಕು ಲಕ್ಷ. ಶೇ. 10ರಂತೆ ಆಕಸ್ಮಿಕ ನಿಧಿ 40,000 ಸೇರಿಸಿದರೆ 4,40,000. ಕರಡಿನಲ್ಲಿ ಒಂದೂವರೆ ಲಕ್ಷ ಉಳಿಕೆ ಕಾಣಿಸಿದಲ್ಲಿ ನಿಜವಾಗಿ 70,000 ಕೊರತೆಯಿದೆ.

ಈ ಕೊರತೆಯನ್ನು ಆಕಸ್ಮಿಕ ನಿಧಿ ಕೈಬಿಟ್ಟು ತಗ್ಗಿಸುವುದು ಸುಲಭ, ಆದರೆ ತಪ್ಪು. ನನ್ನ ಸಲಹೆ ಇಷ್ಟು: ಭಾನುವಾರ ಸಂಜೆಯ ಆರ್ಕೆಸ್ಟ್ರಾದ 45,000 ಮತ್ತು ಎಲ್‌ಇಡಿ ಪರದೆಯ 25,000, ಇವೆರಡನ್ನೂ ಆಸ್ಪತ್ರೆಯ ಹಣಕ್ಕೆ ಗಂಟುಹಾಕೋಣ. ಪತ್ರ ಬಂದರೆ ಇವು ಉಂಟು, ಬರದಿದ್ದರೆ ಇಲ್ಲ. ಇದನ್ನು ತೀರ್ಮಾನಿಸುವ ದಿನ ಅಕ್ಟೋಬರ್ 15. ಆರ್ಕೆಸ್ಟ್ರಾದವರಿಗೆ ಮುಂಗಡ ಕೊಡಬೇಕಾದ ಕಡೆಯ ದಿನ ಅದು. ಕೊಟ್ಟ ಮುಂಗಡ ವಾಪಸ್ಸಾಗುವುದಿಲ್ಲ. ಅಂಗಡಿಗಳ ಅರ್ಧ ಹಣವೂ ಕೈಕೊಟ್ಟರೆ ಏನು ಎಂಬುದನ್ನೂ ಈಗಲೇ ನಿರ್ಧರಿಸೋಣ: ಊಟದ ಬದಲು ತಲೆಗೆ 60ರಂತೆ ಉಪ್ಪಿಟ್ಟು, ಕೇಸರಿಬಾತ್ ಕೊಟ್ಟರೆ ಸರಿಯಾಗಿ 50,000 ಉಳಿಯುತ್ತದೆ. ಅಡುಗೆಯವರಿಗೆ ಇದನ್ನು ಒಂದು ವಾರ ಮೊದಲು ತಿಳಿಸಿದರೆ ಸಾಕು. ಯಾವುದನ್ನು ಮೊದಲು ಬಿಡಬೇಕೆಂದು ಸೆಪ್ಟೆಂಬರಿನಲ್ಲೇ ಎಲ್ಲರೂ ಕೂತು ಒಪ್ಪಿದರೆ, ನವೆಂಬರಿನಲ್ಲಿ ಕಲಾವಿದರ ಸಂಭಾವನೆಯಲ್ಲಿ ಚೌಕಾಸಿ ಮಾಡುವ ಮುಜುಗರ ಬರುವುದಿಲ್ಲ.

ಆಕಸ್ಮಿಕ ನಿಧಿಗೂ ಒಂದು ಕಟ್ಟುಪಾಡು ಬೇಕು. ನವೆಂಬರಿನಲ್ಲಿ ಹಿಂಗಾರು ಮಳೆ ಬರಬಹುದು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ನೀರು ಸೋರದ ಚಪ್ಪರದ ಖರ್ಚು ಶಾಮಿಯಾನದ ಸಾಲಿಗೇ ಸೇರಿರಬೇಕು, ಆಕಸ್ಮಿಕಕ್ಕಲ್ಲ. ಮಳೆ ಬಂದು ಮೈದಾನ ಕೆಸರಾಗಿ ಜಲ್ಲಿಪುಡಿ ತರಿಸಬೇಕಾದರೆ, ಕರೆಂಟು ಹೋಗಿ ಜನರೇಟರ್ ಇನ್ನೂ ನಾಲ್ಕು ಗಂಟೆ ಓಡಬೇಕಾದರೆ, ಕುರ್ಚಿ ಮುರಿದು ದಂಡ ಕಟ್ಟಬೇಕಾದರೆ ಅದು ಆಕಸ್ಮಿಕ. ಇನ್ನೆರಡು ಶಾಲು, ಇನ್ನೊಂದು ಬಹುಮಾನ ಆಕಸ್ಮಿಕವಲ್ಲ. ನಿಜವಾದ ಆಕಸ್ಮಿಕ ಖರ್ಚುಗಳಲ್ಲಿ ಹೆಚ್ಚಿನವು ಕಾರ್ಯಕ್ರಮದ ದಿನ ಅಥವಾ ಮಾರನೆಯ ದಿನ ಬರುತ್ತವೆ. ಆದ್ದರಿಂದ ಶನಿವಾರ ಬೆಳಗ್ಗೆಯ ತನಕ ಇದರಲ್ಲಿ 10,000ಕ್ಕಿಂತ ಹೆಚ್ಚು ಮುಟ್ಟಬಾರದು. ಹಣ ತೆಗೆಯಲು ಖಜಾಂಚಿಯ ಜೊತೆ ಸಮಿತಿಯ ಹೊರಗಿನ ಒಬ್ಬ ನಿವಾಸಿಯ ಸಹಿಯೂ ಬೇಕು. ಉಳಿದದ್ದು ಮುಂದಿನ ವರ್ಷದ ಆರಂಭಿಕ ಶಿಲ್ಕಿಗೆ ಹೋಗಬೇಕು.

ನಿಮ್ಮಲ್ಲಿ ನನ್ನ ಕೋರಿಕೆಗಳು ಮೂರು. ಯಾರ ಮೂಲಕ ಪ್ರಾಯೋಜಕರು ಮಾತು ಕೊಟ್ಟಿದ್ದಾರೋ ಅವರು ಅಕ್ಟೋಬರ್ 10ರೊಳಗೆ ಒಂದು ಪುಟದ ಪತ್ರ ತನ್ನಿ. ಅದರಲ್ಲಿ ಮೊತ್ತ, ಕೊಡುವ ದಿನ, ಪ್ರತಿಯಾಗಿ ಅವರು ಬಯಸುವುದೇನು ಎಂಬುದು ಇರಲಿ. ಕಾರ್ಯಕ್ರಮ ಮುಗಿದು ಫೋಟೊ, ಬಿಲ್ಲು ಕಳಿಸಿದ ಮೇಲೆ ಚೆಕ್ ಕೊಡುವವರೂ ಇರುತ್ತಾರೆ. ಶಾಮಿಯಾನದವರು ಮಾತ್ರ ಮುಂಗಡ ಕೇಳುತ್ತಾರೆ. ಆದ್ದರಿಂದ ದಿನಾಂಕವೂ ಮೊತ್ತದಷ್ಟೇ ಮುಖ್ಯ. ಎರಡನೆಯದಾಗಿ, ಮನೆಯ ವಂತಿಗೆಯನ್ನು ದಯವಿಟ್ಟು ಅಷ್ಟರೊಳಗೆ ಕಟ್ಟಿ. ಬಾಕಿ ಉಳಿಯಬಹುದೆಂದು ನಾನು ಹಿಡಿದಿರುವ 48 ಮನೆಗಳೂ ಕಟ್ಟಿದರೆ, ಅಂಗಡಿಯವರು ಯಾರೂ ಕೊಡದಿದ್ದರೂ ಊಟ ಹೆಚ್ಚುಕಡಿಮೆ ಉಳಿಯುತ್ತದೆ. ಮೂರನೆಯದಾಗಿ, ಸಭೆಯಲ್ಲಿ ಹೊಸ ಕಾರ್ಯಕ್ರಮ ಸೂಚಿಸುವವರು ಅದಕ್ಕೆ ಯಾವ ಸಾಲಿನಿಂದ ಹಣ ತೆಗೆಯಬೇಕೆಂದೂ ಸೂಚಿಸಿ.

ಭಾನುವಾರ ಬೆಳಗ್ಗೆ ಬರುವಾಗ ಕರಡಿನ ಪ್ರತಿ ಕೈಯಲ್ಲಿರಲಿ. ಆದಾಯದ ಪ್ರತಿಯೊಂದು ಸಾಲಿನ ಮುಂದೆ ‘ಪತ್ರ ಇದೆಯೇ, ಯಾವ ದಿನ ಬರುತ್ತದೆ’ ಎಂದು ಕೇಳಿ. ಉತ್ತರವಿಲ್ಲದ ಸಾಲನ್ನು ಅಲ್ಲಿಯೇ ಹೊಡೆದುಹಾಕಿ, ಉಳಿದದ್ದಕ್ಕೆ ಒಪ್ಪಿಗೆ ಕೊಡೋಣ.