ಎಷ್ಟು ನಿಮಿಷ ಅಂತ ಆಮೇಲೆ ಕೇಳಿ

ಕಳೆದ ವರ್ಷ ಅಕ್ಟೋಬರ್ ಕೊನೆಯ ವಾರ. ಸಂಜೆ ಆಫೀಸಿನಿಂದ ಹೊರಡುವ ಹೊತ್ತಿಗೆ ಘಟಪ್ರಭಾದಿಂದ ಕಾಕಾನ ಮೆಸೇಜು ಬಂತು. ‘ತಮ್ಮಾ, ಒಂದ ಭಾಷಣಾ ಬರದ ಕಳಸು. ಚಲೋ ಇರಲಿ.’ ಇಷ್ಟೇ. ಯಾವ ಕಾರ್ಯಕ್ರಮ, ಯಾರ ಮುಂದೆ, ಎಷ್ಟು ಹೊತ್ತು, ಒಂದೂ ಇಲ್ಲ.

ಬೆಂಗಳೂರಿನಲ್ಲಿ ಹತ್ತು ವರ್ಷ ಮೀಟಿಂಗುಗಳಲ್ಲೇ ಜೀವ ಸವೆಸಿದವನು ನಾನು. ತಕ್ಷಣ ಕೇಳಿದ್ದು, ‘ಎಷ್ಟ ನಿಮಿಷ ಕಾಕಾ?’ ಕಾಕಾನ ಉತ್ತರ: ‘ಐದೋ ಹತ್ತೋ, ನೋಡ್ಕೊ.’ ನಾನು ನೋಡಿಕೊಂಡೆ. ನವೆಂಬರ್ 1 ಹತ್ತಿರ ಬಂದಿತ್ತು. ರಾಜ್ಯೋತ್ಸವಕ್ಕೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿ, ‘ಇಂದು ನಮಗೆಲ್ಲ ಹರ್ಷದ ದಿನ’ ಅಂತ ಶುರು ಮಾಡಿ, ಏಳು ನಿಮಿಷಕ್ಕೆ ಅಳೆದು ಕತ್ತರಿಸಿದ ಭಾಷಣ ಕಳಿಸಿದೆ. ನನ್ನ ಬಗ್ಗೆ ನನಗೇ ಹೆಮ್ಮೆ ಬೇರೆ.

ರಾತ್ರಿ ಒಂಬತ್ತೂವರೆಗೆ ಫೋನು. ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಹರ್ಷದ ದಿನ ಅಂತ ಬರದಿಯಲ್ಲೋ ತಮ್ಮಾ... ನಮ್ಮ ಗೆಳ್ಯಾ ಹೋಗ್ಯಾನ. ಐತವಾರ ನುಡಿನಮನ ಇಟ್ಟಾರ.’

ಆ ಗೆಳೆಯನನ್ನು ನಾನೂ ಬಲ್ಲೆ. ಮಿಲ್ಲಿನಲ್ಲಿ ಇಬ್ಬರೂ ಮೂವತ್ತು ವರ್ಷ ಒಂದೇ ಪಾಳಿ. ನಾನು ಚಿಕ್ಕವನಿದ್ದಾಗ ರೈಲ್ವೆ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು ಕಾಕಾನಿಗೆ ಕಾಯುತ್ತಿದ್ದ ಮನುಷ್ಯ. ನನ್ನ ಏಳು ನಿಮಿಷ ಅಳತೆಗೆ ಸರಿಯಾಗಿತ್ತು. ಸಭೆ ಮಾತ್ರ ಬೇರೆಯೇ ಇತ್ತು.

ಆವತ್ತಿನಿಂದ ನನ್ನದೊಂದು ತಕರಾರು ಇದೆ. ನಮ್ಮ ಕಾರ್ಪೊರೇಟ್ ಮಂದಿ ಭಾಷಣ ಅಂದಕೂಡಲೇ ಮೊದಲು ನಿಮಿಷ ಕೇಳುತ್ತೇವೆ. ಅದು ತಪ್ಪು. ನಿಮಿಷ ನಮ್ಮ ಅನುಕೂಲದ ಪ್ರಶ್ನೆ. ಎಷ್ಟು ಕೆಲಸ ಅಂತ ಲೆಕ್ಕ ಹಾಕಲು ಕೇಳುವುದು. ಏನು ಕೆಲಸ ಅಂತ ಅದರಿಂದ ಗೊತ್ತಾಗುವುದಿಲ್ಲ. ಐದು ನಿಮಿಷದ ನುಡಿನಮನವೂ ಇದೆ, ಐದು ನಿಮಿಷದ ಬೀಳ್ಕೊಡುಗೆಯೂ ಇದೆ, ಐದು ನಿಮಿಷದ ಗೃಹಪ್ರವೇಶದ ನಾಲ್ಕು ಮಾತೂ ಇದೆ. ಐದು ಅನ್ನುವ ಅಂಕಿ ಕೈಗೆ ಸಿಕ್ಕರೂ ಒಂದು ವಾಕ್ಯ ಬರೆಯಲು ಆಗುವುದಿಲ್ಲ. ಬರೆದರೆ ನನ್ನ ಹಾಗೆ ಬರೆಯುತ್ತೀರಿ.

ಎರಡನೇ ಪಂಗಡದವರು ಟ್ರೇನಿಂಗ್ ಮುಗಿಸಿ ಬಂದವರು. ‘ಮೊದಲು ಕೇಳುಗರು ಯಾರು ಅಂತ ತಿಳಿದುಕೊಳ್ಳಿ’ ಅನ್ನುತ್ತಾರೆ. ಕೇಳಲು ಬಹಳ ಸರಿ ಅನಿಸುತ್ತದೆ. ಆದರೆ ಘಟಪ್ರಭಾದಂಥ ಊರಿಗೆ ಒಮ್ಮೆ ಬಂದು ನೋಡಿ. ರಾಜ್ಯೋತ್ಸವಕ್ಕೆ ಕೂಡುವ ಇನ್ನೂರು ಜನ, ಮಾಸ್ತರರ ನಿವೃತ್ತಿಗೆ ಕೂಡುವ ಇನ್ನೂರು ಜನ, ನುಡಿನಮನಕ್ಕೆ ಕೂಡುವ ಇನ್ನೂರು ಜನ, ಬಹುಪಾಲು ಅದೇ ಮುಖಗಳು. ಅದೇ ಸಮುದಾಯ ಭವನ, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಮೈಕು. ‘ಯಾರು ಬರ್ತಾರ?’ ಅಂತ ಕೇಳಿದ್ದರೆ ಕಾಕಾ ‘ಊರ ಮಂದಿ’ ಅಂದಿರುತ್ತಿದ್ದ. ನಾನು ಆಗಲೂ ಹರ್ಷದ ದಿನ ಅಂತಲೇ ಬರೆದಿರುತ್ತಿದ್ದೆ.

ಮೂರನೆಯವರು ವಿಷಯ ಕೇಳುತ್ತಾರೆ. ವಿಷಯ ಗೊತ್ತಾದರೂ ಸಾಲದು. ನಮ್ಮೂರಿನದೇ ಉದಾಹರಣೆ ಹೇಳುತ್ತೇನೆ. 1923ರಲ್ಲಿ ಹಿಂದೂಸ್ತಾನಿ ಸೇವಾ ದಳ ಕಟ್ಟಿದ ಡಾ. ನಾ. ಸು. ಹರ್ಡೀಕರರ ಹೆಸರು ಘಟಪ್ರಭಾದ ಜತೆ ಸೇರಿಕೊಂಡಿದೆ. ‘ಹರ್ಡೀಕರರ ಮೇಲೆ ಒಂದು ಭಾಷಣ’ ಅಂತ ಯಾರೋ ಕೇಳಿದರು ಅಂದುಕೊಳ್ಳಿ. ಶಾಲೆಯ ಆಗಸ್ಟ್ 15ಕ್ಕಾದರೆ ಮಕ್ಕಳಿಗೆ ಕಥೆ ಬೇಕು: 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರು ಏನೇನು ಮಾಡಿದರು ಅನ್ನುವುದು. ಆಸ್ಪತ್ರೆಯ ಸಮಾರಂಭಕ್ಕಾದರೆ ಡಾಕ್ಟರು ಓದಿದ ಮನುಷ್ಯ ಸೇವೆಗೆ ಯಾಕೆ ಇಳಿದ ಅನ್ನುವುದು. ಪಕ್ಷದ ಕಾರ್ಯಕರ್ತರ ಸಭೆಗಾದರೆ ಶಿಸ್ತು, ಸಂಘಟನೆ. ವಿಷಯ ಒಂದೇ, ಭಾಷಣ ಮೂರು. ಇವು ಬೇರೆ ಬೇರೆಯಾಗುವುದು ಜನ ಆವತ್ತು ಕೂಡಿದ ಕಾರಣದಿಂದ.

ಹಾಗಾಗಿ ಮೊದಲು ಕೇಳಬೇಕಾದದ್ದು ಸಂದರ್ಭ. ಸಂದರ್ಭ ಸಿಕ್ಕರೆ ಉಳಿದದ್ದು ಮುಕ್ಕಾಲು ಪಾಲು ತಾನೇ ಹಿಂದೆ ಬರುತ್ತದೆ. ನುಡಿನಮನ ಅಂದ ಕ್ಷಣಕ್ಕೆ ನನಗೆ ಎಷ್ಟೆಲ್ಲ ಗೊತ್ತಾಯಿತು ನೋಡಿ. ಮುಂದಿನ ಸಾಲಿನಲ್ಲಿ ಮನೆಯವರು ಕೂತಿರುತ್ತಾರೆ. ಮಾತಾಡುವವರು ಏಳೆಂಟು ಜನ, ಆದ್ದರಿಂದ ಒಬ್ಬೊಬ್ಬರಿಗೆ ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಬರುವುದಿಲ್ಲ. ಚಪ್ಪಾಳೆ ಇರುವುದಿಲ್ಲ, ಹಾಗಾಗಿ ಚಪ್ಪಾಳೆಗೆ ಕಾಯುವ ವಾಕ್ಯಗಳು ಬೇಡ. ವೇದಿಕೆಯ ಗಣ್ಯರ ಉದ್ದ ಪಟ್ಟಿಯೂ ಬೇಡ. ಯಾವ ಪ್ರಶ್ನೆಯನ್ನೂ ಕೇಳದೆ ಕೇಳುಗರೂ ಬಂದರು, ಅಳತೆಯೂ ಬಂತು.

ಆದರೆ ‘ಸಂದರ್ಭ ಏನು?’ ಅಂತ ಹಾಗೇ ಕೇಳಬೇಡಿ. ‘ಅದ ಕಾರ್ಯಕ್ರಮ ಐತಲ್ಲ, ಅದಕ್ಕ’ ಅನ್ನುವ ಉತ್ತರ ಬರುತ್ತದೆ. ‘ಮಂದಿ ಯಾತಕ್ಕ ಕೂಡಾಕತ್ತಾರ ಕಾಕಾ?’ ಅಂತ ಕೇಳಿ. ಇದಕ್ಕೆ ಯಾರಾದರೂ ಒಂದು ವಾಕ್ಯದಲ್ಲಿ ಉತ್ತರ ಹೇಳಲೇಬೇಕು. ಮತ್ತು ದಯವಿಟ್ಟು ಹತ್ತು ಪ್ರಶ್ನೆಗಳ ಫಾರ್ಮು ಕಳಿಸಬೇಡಿ. ನಮ್ಮ ಟೀಮಿನಲ್ಲಿ ಅದು ನಡೆಯುತ್ತದೆ. ಎಪ್ಪತ್ತು ವರ್ಷದ ಮನುಷ್ಯ ಅದನ್ನು ನೋಡಿ ‘ಇರಲಿ ಬಿಡಪಾ, ನಿನಗ ಕೆಲಸ ಬಾಳ’ ಅಂದು ಫೋನು ಇಡುತ್ತಾನೆ. ಒಂದೇ ಪ್ರಶ್ನೆಗೆ ಅವಕಾಶ ಇದೆ ಅಂತ ತಿಳಿದು ಕೇಳಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಸಂದರ್ಭ ಒಂದೇ ಇದ್ದರೂ ಅಳತೆ ಬೇರೆ ಆಗಬಹುದಲ್ಲ? ಆಗುತ್ತದೆ. 1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗಿನಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನವನ್ನು ಸಮರ್ಪಿಸುವ ಸಭೆ. ಎಡ್ವರ್ಡ್ ಎವೆರೆಟ್ ಸುಮಾರು ಎರಡು ಗಂಟೆ ಮಾತಾಡಿದ. ಆಮೇಲೆ ಲಿಂಕನ್ ಎದ್ದು ಎರಡು ಮೂರು ನಿಮಿಷದಲ್ಲಿ ಮುಗಿಸಿದ. ಆದರೆ ಲಿಂಕನ್‌ಗೆ ಹೋದ ಆಹ್ವಾನ ಪತ್ರದಲ್ಲಿ ನಿಮಿಷದ ಲೆಕ್ಕ ಇರಲಿಲ್ಲ. ಯಾತಕ್ಕೆ ಸಭೆ ಅನ್ನುವುದಿತ್ತು, ಮುಖ್ಯ ಭಾಷಣ ಮುಗಿದ ಮೇಲೆ ಆ ನೆಲವನ್ನು ಸಮರ್ಪಿಸುತ್ತಾ ನಾಲ್ಕು ಮಾತಾಡಬೇಕು ಅನ್ನುವುದಿತ್ತು. ಅಂದರೆ ಸಂದರ್ಭ, ಅದರೊಳಗೆ ಅವನ ಪಾಲು. ಅಷ್ಟರಿಂದಲೇ ಅಳತೆ ಬಂತು. ಹಾಗಾಗಿ ಎರಡನೇ ಪ್ರಶ್ನೆಗೆ ಅವಕಾಶ ಸಿಕ್ಕರೆ ಕೇಳಬೇಕಾದದ್ದು, ‘ಅದರಾಗ ನಿಮ್ಮದೇನು ಪಾಲು?’ ಸ್ವಾಗತವೋ, ಅಧ್ಯಕ್ಷತೆಯೋ, ವಂದನಾರ್ಪಣೆಯೋ.

ಕೇಳುಗರ ಪ್ರಶ್ನೆ ಪೂರ್ತಿ ವ್ಯರ್ಥ ಅನ್ನುತ್ತಿಲ್ಲ. ನಮ್ಮ ಕಡೆ ಮನೆಯಲ್ಲಿ ಮರಾಠಿ ಮಾತಾಡುವ ನೆರೆಹೊರೆ ಬೇಕಾದಷ್ಟಿದೆ. ರಾಜ್ಯೋತ್ಸವದ ಭಾಷಣವನ್ನು ಬೆಂಗಳೂರಿನ ಕಂಪನಿಯ ಕೆಫೆಟೇರಿಯಾದಲ್ಲಿ ಓದುವುದೂ, ಬೆಳಗಾವಿ ಜಿಲ್ಲೆಯಲ್ಲಿ ಆ ನೆರೆಯವರ ಮುಂದೆ ಓದುವುದೂ ಒಂದೇ ಅಲ್ಲ. ಯಾವ ವಾಕ್ಯ ಯಾರಿಗೆ ಚುಚ್ಚುತ್ತದೆ ಅಂತ ತಿಳಿದಿರಬೇಕು. ಆದರೆ ಅದು ರಾಜ್ಯೋತ್ಸವ ಅಂತ ಗೊತ್ತಾದ ಮೇಲೆ ಮಾಡುವ ತಿದ್ದುಪಡಿ.

ಮತ್ತೆ ಕಾಕಾನ ಭಾಷಣಕ್ಕೆ ಬರೋಣ. ಆ ರಾತ್ರಿ ನಾನು ಇನ್ನೊಂದೇ ಪ್ರಶ್ನೆ ಕೇಳಿದೆ: ‘ಅವರು ಏನು ಮಾಡಿದ್ದು ನಿಮಗ ಮರಿಯಾಕ ಆಗೂದಿಲ್ಲ?’ ಕಾಕಾ ಹತ್ತು ನಿಮಿಷ ಮಾತಾಡಿದ. 2019ರ ಆಗಸ್ಟಿನಲ್ಲಿ ಹೊಳಿ ಬಂದು ಗೋಕಾಕದ ಓಣಿಗಳಲ್ಲಿ ನೀರು ನಿಂತಾಗ, ಈ ಗೆಳೆಯ ಕಾಕಾನ ಬೀಗರ ಮನೆಯ ಜೋಳದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ತನ್ನ ಮಾಳಿಗೆ ಮೇಲೆ ಇಟ್ಟುಕೊಂಡಿದ್ದ. ಪ್ರತಿ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದ. ನೀರು ಇಳಿದ ಮೇಲೆ ಎಣಿಸಿ ಕೊಟ್ಟ. ಬಾಡಿಗೆ ದುಡ್ಡು ಕೇಳಲಿಲ್ಲ.

ಕಾಕಾನ ಓದಿನ ವೇಗವನ್ನು ನಾನು ಹಿಂದೆ ಅಳೆದಿದ್ದೆ. ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 80 ಪದ. ಮೂರು ನಿಮಿಷ ಅಂದರೆ 240. ಗಂಟಲು ಕಟ್ಟುತ್ತದೆ ಅಂತ ಲೆಕ್ಕ ಹಿಡಿದು 180ಕ್ಕೆ ನಿಲ್ಲಿಸಿದೆ. ಸಂಬೋಧನೆ ಒಂದೇ ಸಾಲು: ಸ್ವಾಮೀಜಿಯವರಿಗೆ ನಮಸ್ಕಾರ, ಮನೆಯವರಿಗೆ ನಮಸ್ಕಾರ. ಆಮೇಲೆ ರೈಲ್ವೆ ಗೇಟು, ಸೈಕಲ್ಲು. ಆಮೇಲೆ ಚೀಲಗಳು, ಸೀಮೆಸುಣ್ಣದ ಹೆಸರು. ಕೊನೆಗೆ ಅವರ ಹೆಂಡತಿಯ ಕಡೆ ತಿರುಗಿ ಹೇಳುವ ಒಂದು ವಾಕ್ಯ. ‘ಅಗಲಿದ ಚೇತನ’, ‘ತುಂಬಲಾರದ ನಷ್ಟ’ ಎರಡನ್ನೂ ಬಿಟ್ಟೆ. ಯಾಕೆಂದರೆ ಅವನ್ನು ಯಾರ ಮೇಲೆ ಬೇಕಾದರೂ ಹೇಳಬಹುದು. ಸೀಮೆಸುಣ್ಣದ ಮಾತನ್ನು ಅವರೊಬ್ಬರ ಮೇಲೆ ಮಾತ್ರ ಹೇಳಲು ಬರುತ್ತದೆ. ನಿಮ್ಮ ಭಾಷಣವನ್ನೂ ಹೀಗೇ ಪರೀಕ್ಷಿಸಿ: ಒಂದು ವಾಕ್ಯವನ್ನೂ ಬದಲಿಸದೆ ಇನ್ನೊಂದು ಸಭೆಯಲ್ಲಿ ಓದಲು ಬಂದರೆ, ನೀವು ಸಂದರ್ಭ ಕೇಳಿಲ್ಲ ಅಂತಲೇ ಅರ್ಥ.

ಕೇಳಲು ಆಗದಿದ್ದರೆ? ಫೋನು ಹತ್ತದಿದ್ದರೆ, ಬೆಳಗ್ಗೆಯೇ ಬೇಕು ಅಂದರೆ? ಊಹಿಸಿಯೇ ಬರೆಯಿರಿ, ಆದರೆ ಊಹೆಯನ್ನು ಮುಚ್ಚಿಡಬೇಡಿ. ತಲೆಯ ಮೇಲೆ ಒಂದು ಸಾಲು: ‘ಇದು ರಾಜ್ಯೋತ್ಸವಕ್ಕೆ ಅಂತ ತಿಳಿದು ಬರೆದಿದ್ದೇನೆ, ಅಲ್ಲದಿದ್ದರೆ ಮುಂದೆ ಓದಬೇಡಿ, ಫೋನು ಮಾಡಿ.’ ಆ ಒಂದು ಸಾಲು ಹಾಕಿದ್ದರೆ ಕಾಕಾ ಹರ್ಷದ ದಿನದ ತನಕ ಹೋಗುತ್ತಿರಲಿಲ್ಲ.

‘ಅಷ್ಟು ಮುಖ್ಯವಾಗಿದ್ದರೆ ಕಾಕಾನೇ ಹೇಳಬಹುದಿತ್ತಲ್ಲ?’ ಅಂತ ಗೆಳೆಯನೊಬ್ಬ ವಾದ ಮಾಡಿದ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆಮೇಲೆ ಆ ಮೆಸೇಜನ್ನು ಇನ್ನೊಮ್ಮೆ ಓದಿದೆ. ಭಾಷಣ ಕೇಳುವವರು ಸಂದರ್ಭವನ್ನು ಬಿಡುವುದು ಅಲಕ್ಷ್ಯದಿಂದಲ್ಲ. ಎರಡು ದಿನದಿಂದ ಅದರೊಳಗೇ ಇರುತ್ತಾರೆ, ಅದು ಎಲ್ಲರಿಗೂ ಗೊತ್ತಿದೆ ಅನಿಸಿಬಿಟ್ಟಿರುತ್ತದೆ. ಇಲ್ಲವೇ ಅದನ್ನು ಟೈಪು ಮಾಡಲು ಕೈ ಬರುವುದಿಲ್ಲ. ‘ಗೆಳ್ಯಾ ಹೋದ’ ಅಂತ ಬರೆಯಲಾಗದ ಮನುಷ್ಯ ‘ಒಂದ ಭಾಷಣಾ ಬರದ ಕಳಸು’ ಅಂತ ಬರೆದಿದ್ದ. ನಾನು ಕೇಳಿದ್ದು ಎಷ್ಟು ನಿಮಿಷ ಅಂತ.

ಐತವಾರ ಕಾಕಾ ಪೂರ್ತಿ ಓದಲಿಲ್ಲವಂತೆ. ಸೀಮೆಸುಣ್ಣದ ಮಾತಿಗೆ ಬಂದು ಕಾಗದ ಮಡಚಿ, ಉಳಿದದ್ದನ್ನು ಹಾಗೇ ಹೇಳಿ ಕೂತನಂತೆ. ಎಷ್ಟು ನಿಮಿಷ ಆಯಿತು ಅಂತ ನಾನು ಕೇಳಲಿಲ್ಲ.