ಬಿಳಿ ಶರ್ಟ್ ಮೇಲೆ ಉಪ್ಪಿನಕಾಯಿ ಬಿತ್ತಾ?

ಮೊನ್ನೆ ಆಫೀಸಲ್ಲಿ ಊಟದ ಡಬ್ಬಿ ತೆಗೆಯುವಾಗ ಮಾವಿನಕಾಯಿ ಉಪ್ಪಿನಕಾಯಿ ಎಣ್ಣೆ, ಸಾಂಬಾರು ಎರಡೂ ನನ್ನ ಬಿಳಿ ಕಾಟನ್ ಶರ್ಟ್ ಮೇಲೆ ಬಿತ್ತು. ಗಾಬರಿಯಲ್ಲಿ ಸೋಪು ಉಜ್ಜಿದೆ, ಹಳದಿ ಕಲೆ ಕೆಂಪಾಯ್ತು! ಹೆದರಬೇಡಿ, ಸೋಪಿನ ಕ್ಷಾರಕ್ಕೆ ಅರಿಸಿನ ಹಾಗಾಗುತ್ತೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತೆ.

ಮೊದಲು ಎಣ್ಣೆ ಹೋಗಬೇಕು. ಒಣ ಕಲೆಯ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಸವರಿ, 15 ನಿಮಿಷ ಬಿಟ್ಟು, ಬಟ್ಟೆಯ ಹಿಂಬದಿಯಿಂದ ನೀರು ಹಾಯಿಸಿ. ಒಣಗಿದ ಮೇಲೂ ಆ ಜಾಗ ಕಪ್ಪಾಗಿ ಕಂಡರೆ ಎಣ್ಣೆ ಉಳಿದಿದೆ ಅಂತ, ಇನ್ನೊಮ್ಮೆ ಮಾಡಿ.

ಉಳಿದ ಹಳದಿಗೆ ಬಿಸಿಲೇ ಮದ್ದು. ಒದ್ದೆ ಬಟ್ಟೆಯನ್ನೇ ಕಲೆ ಮೇಲೆ ಕಾಣುವಂತೆ ಹರವಿ. ನನ್ನ ಶರ್ಟ್‌ಗೆ ಎರಡು ಮಧ್ಯಾಹ್ನ ಹಿಡೀತು. ಬಣ್ಣದ ಬಟ್ಟೆಯಾದರೆ ಇಷ್ಟು ಬಿಸಿಲಿಗೆ ಮಾಸುತ್ತೆ. ಕಲೆ ಪೂರ್ತಿ ಹೋಗೋವರೆಗೂ ಇಸ್ತ್ರಿ ಮಾತ್ರ ಬೇಡ, ಬಿಸಿಗೆ ಅಲ್ಲೇ ಕೂತುಬಿಡುತ್ತೆ.